ಸಿಗರೇಟು ಬಿಡದೆ ವಿಟಮಿನ್ ಸಿ ಮಾತ್ರೆ ತಗೊಂಡರೆ ಸಾಕಾ?

ಪ್ರಶ್ನೆ: ನಮ್ಮವರಿಗೆ 46 ವರ್ಷ. ಬೈತಖೋಲದಲ್ಲಿ ಬೋಟಿನ ಕೆಲಸ. ದಿನಕ್ಕೆ ಹತ್ತು-ಹನ್ನೆರಡು ಸಿಗರೇಟು ಸೇದುತ್ತಾರೆ. ಬಿಡಿ ಅಂದರೆ, "500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಚೀಪ್ತೇನೆ, ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲೂ ತಗೊಳ್ತೇನೆ, ಹೊಗೆಯ ದೋಷ ಎಲ್ಲ ಹೋಗ್ತದೆ" ಅನ್ನುತ್ತಾರೆ. ಇದು ನಿಜವಾ?
— ಓದುಗರೊಬ್ಬರು, ಕಾರವಾರ

ಉತ್ತರ: ಇಲ್ಲ. ವಿಟಮಿನ್ ಸಿ ಮಾತ್ರೆಯಿಂದ ಹೊಗೆಯ ಹಾನಿ ಹೋಗುವುದಿಲ್ಲ. ಆ ಕ್ಯಾಪ್ಸೂಲಿನಲ್ಲಿ ಏನಿದೆ ಎಂದು ನೋಡದೆ ಅದನ್ನು ಮುಂದುವರಿಸಬೇಡಿ.

ನಿಮ್ಮವರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಸಿಗರೇಟಿನ ಹೊಗೆ ದೇಹದಲ್ಲಿರುವ ವಿಟಮಿನ್ ಸಿಯನ್ನು ಬೇಗ ಖರ್ಚು ಮಾಡುತ್ತದೆ. ಹಾಗಾಗಿ ಸೇದುವವರಿಗೆ ದಿನಕ್ಕೆ ಸುಮಾರು 35 ಮಿಲಿಗ್ರಾಂ ಜಾಸ್ತಿ ಬೇಕು ಎಂದು ಅಮೆರಿಕದ ಆಹಾರ ತಜ್ಞರು ಹೇಳಿದ್ದಾರೆ. ಅಷ್ಟಕ್ಕೆ ಒಂದು ಪೇರಲ ಹಣ್ಣು ಸಾಕು. ಬೇಸಿಗೆಯಲ್ಲಿ ನಮ್ಮ ಗುಡ್ಡದ ಗೇರುಹಣ್ಣಾದರೂ ಆದೀತು. 500 ಮಿಲಿಗ್ರಾಂ ತಗೊಂಡರೆ ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ರಕ್ತ ಒಂದು ಮಟ್ಟದ ಮೇಲೆ ಅದನ್ನು ಇಟ್ಟುಕೊಳ್ಳುವುದಿಲ್ಲ.

ಕಡಿಮೆಯಾದ ವಿಟಮಿನ್ ತುಂಬಿಕೊಂಡಿತು, ಸರಿ. ಹೊಗೆಯ ಉಳಿದ ಕೆಲಸ ಹಾಗೇ ನಡೆಯುತ್ತಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವ ಶಕ್ತಿ ಆ ಮಾತ್ರೆಗಿಲ್ಲ. ಟಾರಿನಲ್ಲಿರುವ ಕೆಲವು ರಾಸಾಯನಿಕಗಳು ಶ್ವಾಸಕೋಶದ ಜೀವಕೋಶದೊಳಗೆ ಹೋಗಿ ನೇರವಾಗಿ ಡಿಎನ್‌ಎಗೇ ಅಂಟುತ್ತವೆ. ಕ್ಯಾನ್ಸರ್ ಶುರುವಾಗುವುದು ಅಲ್ಲಿಂದ.

ಈಗ ಕ್ಯಾಪ್ಸೂಲಿನ ವಿಷಯ. ನನಗೆ ಹೆಚ್ಚು ಆತಂಕ ಆಗುವುದು ಇದರ ಬಗ್ಗೆ. ಆಂಟಿಆಕ್ಸಿಡೆಂಟ್ ಕೊಟ್ಟರೆ ಸೇದುವವರಿಗೆ ಕ್ಯಾನ್ಸರ್ ಕಡಿಮೆಯಾಗಬಹುದು ಎಂದು ವಿಜ್ಞಾನಿಗಳೂ ಒಂದು ಕಾಲದಲ್ಲಿ ನಂಬಿದ್ದರು. ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ, ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿ ಪರೀಕ್ಷೆ ನಡೆಸಿದರು. ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಔಷಧ ಇಲ್ಲದ ಮಾತ್ರೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಇತ್ತು! ವಿಟಮಿನ್ ಇ ಕೂಡ ಆ ಕ್ಯಾನ್ಸರನ್ನು ತಡೆಯಲಿಲ್ಲ. ಅಮೆರಿಕದಲ್ಲಿ ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟು ನಡೆಸುತ್ತಿದ್ದ ಇನ್ನೊಂದು ಪರೀಕ್ಷೆಯಲ್ಲೂ ಹೀಗೇ ಆಯಿತು. 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಆದ್ದರಿಂದ ಇವತ್ತೇ ಆ ಕ್ಯಾಪ್ಸೂಲಿನ ಪಟ್ಟಿಯ ಹಿಂಭಾಗ ಓದಿ. ಬೀಟಾ ಕೆರೋಟಿನ್ ಎಂದು ಬರೆದಿದ್ದರೆ ಬಿಡಿಸಿ. ಸಿಗರೇಟು ಬಿಟ್ಟ ಮೇಲೂ ಅದು ಬೇಡ. ಪಪ್ಪಾಯಿ, ಕ್ಯಾರೆಟ್, ಸೊಪ್ಪಿನಲ್ಲಿ ಸಿಗುವ ಬೀಟಾ ಕೆರೋಟಿನ್‌ಗೆ ಹೆದರಬೇಕಿಲ್ಲ.

ಸೇದುವುದನ್ನು ಬಿಟ್ಟರೆ ಏನಾಗುತ್ತದೆ? ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲೇ ಇಳಿಯುತ್ತದೆ. ಹತ್ತು ವರ್ಷದ ಹೊತ್ತಿಗೆ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಬ್ರಿಟನ್ನಿನ ಗಂಡಸು ಡಾಕ್ಟರುಗಳನ್ನು 50 ವರ್ಷ ಗಮನಿಸಿದ ಅಧ್ಯಯನದ ಪ್ರಕಾರ, ಸೇದುತ್ತಲೇ ಇದ್ದವರಿಗಿಂತ 40ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ ಸುಮಾರು 6 ವರ್ಷ ಹೆಚ್ಚು ಆಯಸ್ಸು ಸಿಕ್ಕಿತ್ತು. ನಿಮ್ಮವರು ಇವೆರಡರ ನಡುವೆ ಇದ್ದಾರೆ.

ಬಿಡಲು ಅವರಿಗೆ ನಿಕೋಟಿನ್ ಗಮ್ ಸಹಾಯ ಮಾಡಬಹುದು. 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೇ ಸಿಗರೇಟು ಬೇಕೇ ಬೇಕು ಅನ್ನುವವರಾದರೆ 4 ಮಿಲಿಗ್ರಾಂನದು ಬೇಕಾಗಬಹುದು, ಡಾಕ್ಟರನ್ನು ಕೇಳಿ. ಹೃದಯದ ತೊಂದರೆ ಇದ್ದರೂ ಮೊದಲು ಅವರನ್ನೇ ಕೇಳಬೇಕು. ಇದನ್ನು ಬಬಲ್ ಗಮ್ ತರ ಜಗಿಯುತ್ತಲೇ ಇರಬಾರದು. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದಾಗ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಹೋದಾಗ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ.

ಇಲ್ಲೇ ವಿಟಮಿನ್ ಸಿ ಮಾತ್ರೆ ಅಡ್ಡ ಬರುತ್ತದೆ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಸಡಿನ ಮೂಲಕ ಸರಿಯಾಗಿ ಒಳಗೆ ಹೋಗುವುದಿಲ್ಲ. ಹುಳಿ ಮಾತ್ರೆ ಚೀಪಿದ ಕೂಡಲೇ ಅಥವಾ ಮುರುಗಲ ಪಾನಕ, ಕಾಫಿ ಕುಡಿದ ಕೂಡಲೇ ಗಮ್ ಹಾಕಿಕೊಂಡರೆ ಅದು ವ್ಯರ್ಥ. "ಗಮ್ಮಿಂದ ಏನೂ ಆಗಲಿಲ್ಲ" ಎಂದು ಮತ್ತೆ ಸಿಗರೇಟಿಗೆ ಹೋಗುವವರಲ್ಲಿ ಕೆಲವರ ಕಾರಣ ಇಷ್ಟೇ ಇರಬಹುದು. ಹದಿನೈದು ನಿಮಿಷ ಬಿಟ್ಟು ಹಾಕಿಕೊಳ್ಳಲಿ.

ಬಿಟ್ಟ ಮೊದಲ ಕೆಲವು ವಾರ ಕೆಮ್ಮು ಜಾಸ್ತಿಯಾಗಬಹುದು. ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರು ಮಾಡಿ ಕಫವನ್ನು ಹೊರಗೆ ತಳ್ಳುವುದರಿಂದ ಹೀಗಾಗುತ್ತದೆ. ಅದಕ್ಕೆ ಹೆದರಿ ಮತ್ತೆ ಹಚ್ಚಬಾರದು. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ಉಸಿರು ಕಟ್ಟಿದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸಿ.