ಕಂಬಕ್ಕೆ ಗರ್ಡರ್ ಹಾಕೋದಾ, ಸ್ಕ್ವೇರ್ ಪೈಪ್ ಹಾಕೋದಾ?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್ ಶೆಡ್ ಕಟ್ಟಿಸುತ್ತಿದ್ದೇನೆ. ಅಗಲ 12 ಮೀಟರ್, ಉದ್ದ 18 ಮೀಟರ್, ಕಂಬದ ಎತ್ತರ 5 ಮೀಟರ್. ಸುತ್ತಲೂ ಶೀಟ್ ಗೋಡೆ. ಒಬ್ಬ ಫ್ಯಾಬ್ರಿಕೇಟರ್ ಕಂಬಕ್ಕೆ ಗರ್ಡರ್, ಛಾವಣಿ ಹೊರುವ ಟ್ರಸ್ಸಿಗೆ ಎಲ್ ಆಕಾರದ ಆ್ಯಂಗಲ್ ಅನ್ನುತ್ತಾರೆ. ಇನ್ನೊಬ್ಬರು ಎಲ್ಲದಕ್ಕೂ ಸ್ಕ್ವೇರ್ ಪೈಪ್ ಹಾಕಿ, ತೂಕ ಉಳಿಯುತ್ತೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಶೆಡ್ಡಿಗೆ ಮೊದಲನೆಯವರ ಮಾತು ಸರಿ. ಅದಕ್ಕೆ ಎರಡು ಷರತ್ತುಗಳಿವೆ, ಬಹುಶಃ ಅವರು ಅದನ್ನು ಹೇಳಿಲ್ಲ.

ಮೊದಲು ಕಂಬ ನೋಡೋಣ. ಉದ್ದನೆಯ ಸ್ಕೇಲನ್ನು ನೆಲಕ್ಕೆ ಊರಿ ಮೇಲಿಂದ ಒತ್ತಿ. ಅದು ಮುರಿಯುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಅದೂ ಯಾವಾಗಲೂ ತೆಳುವಾದ ಕಡೆಗೇ. ಉಕ್ಕಿನ ಕಂಬದ್ದೂ ಇದೇ ಕಥೆ. ಒಂದು ಸೆಕ್ಷನ್ ಯಾವ ದಿಕ್ಕಿನಲ್ಲಿ ಎಷ್ಟು ಸುಲಭವಾಗಿ ಬಾಗುತ್ತದೆ ಅನ್ನುವುದಕ್ಕೆ ಸ್ಟೀಲ್ ಟೇಬಲ್‌ನಲ್ಲಿ ಒಂದು ಅಳತೆ ಇರುತ್ತದೆ, ರೇಡಿಯಸ್ ಆಫ್ ಗೈರೇಶನ್ ಅಂತ. ಕಂಬದ ಎತ್ತರವನ್ನು ಅದರಿಂದ ಭಾಗಿಸಿದರೆ ಬರುವ ಸಂಖ್ಯೆ 180 ದಾಟಬಾರದು ಅಂತ ಉಕ್ಕಿನ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800 ಹೇಳುತ್ತದೆ.

ಐಎಸ್‌ಎಂಬಿ 200, ಅಂದರೆ 200 ಮಿಮೀ ಎತ್ತರದ, ಇಂಗ್ಲಿಷಿನ ಐ ಅಕ್ಷರದ ಆಕಾರದ ಗರ್ಡರ್, ಮೀಟರಿಗೆ ಸುಮಾರು 25 ಕೆಜಿ. ಅದರ ಬಲವಾದ ದಿಕ್ಕಿನಲ್ಲಿ ಈ ಅಳತೆ 83 ಮಿಮೀ, ದುರ್ಬಲ ದಿಕ್ಕಿನಲ್ಲಿ ಬರೀ 21.5 ಮಿಮೀ. 5000 ಅನ್ನು 21.5ರಿಂದ ಭಾಗಿಸಿದರೆ 232. ಫೇಲ್! 150 ಮಿಮೀ ಚದರದ, 5 ಮಿಮೀ ದಪ್ಪದ ಸ್ಕ್ವೇರ್ ಪೈಪ್ ಮೀಟರಿಗೆ 22 ಕೆಜಿ ಚಿಲ್ಲರೆ. ಅದಕ್ಕೆ ಎರಡೂ ದಿಕ್ಕಿನಲ್ಲಿ 59 ಮಿಮೀ, ಭಾಗಿಸಿದರೆ 85. ಆರಾಮಾಗಿ ಪಾಸ್. ತೂಕವೂ ಕಡಿಮೆ. ಪೈಪ್ ಹೇಳಿದವರ ವಾದ ಇದೇ. ಬಾಲ್ಕನಿ, ಪೋರ್ಚು, ಕಟ್ಟಡದ ಒಳಗಿನ ಕಂಬ, ಹೀಗೆ ಮೇಲಿನ ಭಾರ ಮಾತ್ರ ಹೊರುವ ಕಡೆ ನಾನೂ ಪೈಪನ್ನೇ ಹಾಕಿಸುತ್ತೇನೆ.

ಆದರೆ ನಿಮ್ಮದು ಶೀಟ್ ಗೋಡೆಯ ಶೆಡ್. ಅಲ್ಲಿ ಕಂಬಕ್ಕೆ ಛಾವಣಿಯ ಭಾರ ದೊಡ್ಡದಲ್ಲ, ಗೋಡೆಗೆ ಬಡಿಯುವ ಗಾಳಿ ದೊಡ್ಡದು. ಗಾಳಿಯ ಕೋಡ್ ಪ್ರಕಾರ ಪುಣೆಯ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮುಂಬೈಯದು 44. 39 ಅಂದರೆ ಗೋಡೆಯ ಪ್ರತಿ ಚದರ ಮೀಟರಿಗೆ ಸುಮಾರು 90 ಕೆಜಿ ಒತ್ತಡ. ನಾಲ್ಕೂವರೆ ಮೀಟರಿಗೊಂದು ಕಂಬ, ಬುಡ ಗಟ್ಟಿಯಾಗಿ ಹಿಡಿದಿದೆ, ಎದುರುಬದುರಿನ ಎರಡು ಕಂಬಗಳು ಹೊರೆ ಹಂಚಿಕೊಂಡಿವೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಗರ್ಡರಿನ ತಲೆ ಸುಮಾರು ಮೂರೂವರೆ ಸೆಂಟಿಮೀಟರ್ ಓಲಾಡುತ್ತದೆ, ಪೈಪಿನ ತಲೆ 8 ಸೆಂಟಿಮೀಟರ್. ಎತ್ತರದ 150ನೇ ಒಂದು ಭಾಗ, ಅಂದರೆ 3.3 ಸೆಂಟಿಮೀಟರ್ ಒಳಗಿರಬೇಕು ಅನ್ನುವುದು ಸಾಮಾನ್ಯ ಮಿತಿ. ಪೈಪ್ ಮುರಿದು ಬೀಳುವುದಿಲ್ಲ. ಆದರೆ ಪ್ರತಿ ಮಳೆಗಾಲದಲ್ಲೂ ಶೀಟಿನ ಸ್ಕ್ರೂ ತೂತುಗಳು ಅಗಲವಾಗಿ ನೀರು ಸೋರಲು ಶುರುವಾಗುತ್ತದೆ. ಗರ್ಡರ್ ಕೂಡ ಮಿತಿಯನ್ನು ಸ್ವಲ್ಪ ದಾಟಿದೆ, ನೋಡಿ. ಹಾಗಾಗಿ ಐಎಸ್‌ಎಂಬಿ 225 ಹಾಕಿಸಿ.

ಈಗ ಷರತ್ತುಗಳು. ಗರ್ಡರಿನ ನಡುವಿನ ಪಟ್ಟಿ, ಅಂದರೆ ವೆಬ್, ಟ್ರಸ್ ಸಾಗುವ ದಿಕ್ಕಿನಲ್ಲೇ ಇರಬೇಕು. ಅಡ್ಡ ತಿರುಗಿಸಿ ನಿಲ್ಲಿಸಿದರೆ ಅದೇ ಐಎಸ್‌ಎಂಬಿ 200ರ ಬಾಗುವ ಶಕ್ತಿ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೇಸ್ ಪ್ಲೇಟ್ ಬೋಲ್ಟ್ ಕೂರಿಸುವಾಗಲೇ ಇದನ್ನು ನೋಡಿಕೊಳ್ಳಿ, ಕಾಂಕ್ರೀಟ್ ಆದ ಮೇಲೆ ತಿರುಗಿಸಲು ಆಗಲ್ಲ. ಎರಡನೆಯದು, ಶೆಡ್ಡಿನ ಉದ್ದದ ದಿಕ್ಕಿನಲ್ಲಿ ಗರ್ಡರ್ ದುರ್ಬಲ ಅಲ್ವಾ? ಅಲ್ಲಿ ಕಂಬಗಳ ನಡು ಎತ್ತರದಲ್ಲಿ ಕಂಬದಿಂದ ಕಂಬಕ್ಕೆ ಅಡ್ಡ ಪಟ್ಟಿ, ಅಂದರೆ ಟೈ ಕೊಡಬೇಕು. ಆಗ ಬಾಗುವ ಉದ್ದ ಅರ್ಧವಾಗಿ 232 ಇದ್ದದ್ದು 116 ಆಗುತ್ತದೆ. ಆದರೆ ಬರೀ ಅಡ್ಡ ಟೈ ಸಾಲದು, ಎಲ್ಲ ಕಂಬಗಳೂ ಒಟ್ಟಿಗೇ ಒಂದೇ ಕಡೆ ವಾಲಿಬಿಡುತ್ತವೆ. ಪ್ರತಿ ಬದಿಯಲ್ಲೂ ಕಡೇಪಕ್ಷ ಒಂದು ಅಂಕಣದಲ್ಲಿ, ಅಂದರೆ ಎರಡು ಕಂಬಗಳ ನಡುವಿನ ಜಾಗದಲ್ಲಿ, ಕತ್ತರಿಯಾಕಾರದ ಬ್ರೇಸಿಂಗ್ ಇರಲೇಬೇಕು. ಬಾಗಿಲಿಗೆ ಅಡ್ಡ ಬರುತ್ತೆ ಅಂತ ಅದನ್ನು ಕೈಬಿಟ್ಟ ಶೆಡ್‌ಗಳನ್ನು ತುಂಬಾ ನೋಡಿದ್ದೇನೆ. ಪಕ್ಕದ ಅಂಕಣಕ್ಕೆ ಸರಿಸಿ, ಬಿಡಬೇಡಿ.

ಚಾನೆಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಒಂಟಿ ಚಾನೆಲ್ ಕಂಬ ಅಂದರೆ ಬೇಡ ಅನ್ನಿ. ಅದರ ಒಂದು ಬದಿ ತೆರೆದಿರುವುದರಿಂದ ಭಾರ ಬಿದ್ದಾಗ ತಿರುಚಿಕೊಳ್ಳುತ್ತದೆ. ಎರಡು ಚಾನೆಲ್ ಮುಖಾಮುಖಿ ಸೇರಿಸಿ ಪೆಟ್ಟಿಗೆಯಂತೆ ವೆಲ್ಡ್ ಮಾಡಿದರೆ ಒಳ್ಳೆಯ ಕಂಬವೇ. ಒಂಟಿಯಾಗಿ ಅದರ ಜಾಗ ಮೆಟ್ಟಿಲಿನ ಬದಿ, ಮೆಜನೈನ್ ಅಂದರೆ ಶೆಡ್ಡಿನೊಳಗಿನ ಅಟ್ಟದ ಅಂಚು. ಮುಂದೆ ಮೆಜನೈನ್ ಹಾಕಿಸುವುದಾದರೆ ಅದರ ಬೀಮಿಗೆ ಗರ್ಡರೇ ಸರಿ. 4 ಮೀಟರ್ ಬೀಮಿನ ಮೇಲೆ ಮೀಟರಿಗೆ ಒಂದು ಟನ್ ಭಾರವಿದ್ದರೆ ಐಎಸ್‌ಎಂಬಿ 200 ಏಳೂವರೆ ಮಿಮೀ ಜಗ್ಗುತ್ತದೆ. ಅದೇ ಸ್ಕ್ವೇರ್ ಪೈಪ್ 17 ಮಿಮೀ.

ಇನ್ನು ಟ್ರಸ್, ಇಲ್ಲಿನವರು ಕೈಚಿ ಅನ್ನುವುದು. ಅದರ ತುಂಡುಗಳಿಗೆ ಬೀಮಿನಂತೆ ಅಡ್ಡ ಭಾರ ಬೀಳುವುದಿಲ್ಲ, ಎಳೆತ ಇಲ್ಲವೇ ಒತ್ತಡ ಅಷ್ಟೇ. ಎಳೆತಕ್ಕೆ ಯಾವ ಆಕಾರವೂ ನಡೆಯುತ್ತದೆ. ಒತ್ತಡದ ತುಂಡಿನಲ್ಲಿ ಆ್ಯಂಗಲ್ ಮೋಸ ಮಾಡುತ್ತದೆ. ಎರಡೂ ಬದಿ 50 ಮಿಮೀ, ದಪ್ಪ 6 ಮಿಮೀ ಇರುವ 50-50-6 ಒಂಟಿ ಆ್ಯಂಗಲ್ ತನ್ನ ಮೂಲೆಯ ಓರೆ ದಿಕ್ಕಿನಲ್ಲಿ ಬಾಗುತ್ತದೆ. ಅಲ್ಲಿ ಅದರ ಗೈರೇಶನ್ ಅಳತೆ 9.6 ಮಿಮೀ ಮಾತ್ರ. ಎರಡು ಮೀಟರ್ ಉದ್ದ ಬಂದರೆ 180 ದಾಟಿಬಿಡುತ್ತದೆ. ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ತುಂಡುಗಳನ್ನು ಜೋಡಿಸುವ ಗಸೆಟ್ ಪ್ಲೇಟ್ ಇಟ್ಟರೆ ಅದು 15 ಮಿಮೀಗೆ ಏರುತ್ತದೆ. ಆದರೆ ಎರಡೂ ಒಂದಾಗಿ ಕೆಲಸ ಮಾಡಲು ಒತ್ತಡದ ತುಂಡುಗಳಲ್ಲಿ ಸುಮಾರು ಒಂದೂಕಾಲು ಅಡಿಗೊಂದು ಪ್ಯಾಕಿಂಗ್ ತುಂಡು ಇಟ್ಟು ವೆಲ್ಡ್ ಮಾಡಿರಬೇಕು. ಟ್ರಸ್ ನೆಲದ ಮೇಲಿರುವಾಗಲೇ ಎಣಿಸಿ.

ಎಲ್ಲರೂ ಮರೆಯುವುದು ಕೆಳಗಿನ ಆ್ಯಂಗಲ್ಲನ್ನು. ಮಾಮೂಲು ದಿನಗಳಲ್ಲಿ ಅದು ಎಳೆತದಲ್ಲಿರುತ್ತದೆ. ಶೀಟು, ಅದನ್ನು ಹೊರುವ ಪರ್ಲಿನ್, ಟ್ರಸ್ ಎಲ್ಲ ಸೇರಿ ಚದರ ಮೀಟರಿಗೆ 20 ಕೆಜಿ ಆಸುಪಾಸು. ಜೋರು ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ ಬಲದಿಂದ ಛಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಆಗ ಕೆಳಗಿನ ಆ್ಯಂಗಲ್ ಒತ್ತಡಕ್ಕೆ ಸಿಗುತ್ತದೆ, ಪಕ್ಕಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಗೋವಾದ ವೆರ್ಣಾದಲ್ಲಿ ಒಂದು ಶೆಡ್ ನೋಡಲು ಕರೆದಿದ್ದರು. ಮೇಲೆ ಶೀಟು, ವೆಲ್ಡಿಂಗ್ ಎಲ್ಲ ಸರಿ. ಕೆಳಗೆ ನಿಂತು ದಾರ ಹಿಡಿದರೆ ಮೂರು ಟ್ರಸ್ಸಿನ ಕೆಳಗಿನ ಆ್ಯಂಗಲ್ ಬಿಲ್ಲಿನಂತೆ ಪಕ್ಕಕ್ಕೆ ಬಾಗಿತ್ತು. ನಿಮ್ಮ 12 ಮೀಟರಿಗೆ ಜೋಡಿ 50-50-6 ಹಾಕಿದರೂ ಪಕ್ಕದ ದಿಕ್ಕಿನಲ್ಲಿ ಅದೇ ಭಾಗಾಕಾರದ ಲೆಕ್ಕ 500 ಬರುತ್ತದೆ. ಗಾಳಿಯಿಂದ ಮಾತ್ರ ಬರುವ ಒತ್ತಡಕ್ಕೆ ಮಿತಿ 250. ಟ್ರಸ್‌ನಿಂದ ಟ್ರಸ್‌ಗೆ 4 ಮೀಟರ್ ಅಂತರದಲ್ಲಿ ಎರಡು ಸಾಲು ಟೈ ಓಡಿಸಿ, ಕೊನೆಯ ಅಂಕಣದಲ್ಲಿ ಬ್ರೇಸಿಂಗಿಗೆ ಕಟ್ಟಿದರೆ 167ಕ್ಕೆ ಇಳಿಯುತ್ತದೆ.

ಪೈಪ್ ಟ್ರಸ್ಸೂ ಹಗುರ, ಚೆಂದ. ಆದರೆ ತುದಿಗಳನ್ನೆಲ್ಲ ಪೂರ್ತಿ ವೆಲ್ಡ್ ಮಾಡಿ ಮುಚ್ಚದಿದ್ದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಪೈಪ್ ಎಲ್ಲೇ ಬಳಸಿದರೂ ದಪ್ಪವನ್ನು ಬಾಯಿಮಾತಿಗೆ ಬಿಡಬೇಡಿ. 6 ಮೀಟರಿನ 150 ಮಿಮೀ ಚದರದ ಹತ್ತು ಪೈಪು 5 ಮಿಮೀ ಇದ್ದರೆ ಸುಮಾರು 1,335 ಕೆಜಿ, 4 ಮಿಮೀ ಇದ್ದರೆ 1,080. ಗಾಡಿ ಸೈಟಿಗೆ ಬರುವ ಮುಂಚೆ ಕಾಟಾ ಮಾಡಿಸಿ ಚೀಟಿ ತೆಗೆದುಕೊಳ್ಳಿ.