ಯಾವುದಕ್ಕೆ ತಾರೀಖು, ಯಾವುದಕ್ಕೆ ಪ್ರಶ್ನೆ

ಮುಂದೆ ಯಾವ ಸೌಲಭ್ಯ ಯಾವಾಗ ಬರುತ್ತದೆ ಎಂದು ತೋರಿಸುವ ರೋಡ್‌ಮ್ಯಾಪ್ ಸ್ಲೈಡು ಸಭೆಯಲ್ಲಿ ತೊಂದರೆ ಕೊಡುವುದು ಅಪರೂಪ. ತೊಂದರೆ ಶುರುವಾಗುವುದು ಸಭೆ ಮುಗಿದ ಮೇಲೆ. ಯಾರೋ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಗ್ರಾಹಕರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. 'ಇದಿನ್ನೂ ಪಕ್ಕಾ ಅಲ್ಲ' ಎಂದು ನೀವು ಬಾಯಲ್ಲಿ ಹೇಳಿದ್ದು ಅದರ ಜೊತೆ ಹೋಗುವುದಿಲ್ಲ. ಆದ್ದರಿಂದ ಮಾತು ಕೊಟ್ಟದ್ದು ಮತ್ತು ಅಂದಾಜಿನದ್ದು ಎರಡನ್ನೂ ಒಂದೇ ಚಾರ್ಟಿನಲ್ಲಿಟ್ಟು ಬಣ್ಣದಿಂದ ಬೇರ್ಪಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಎರಡಕ್ಕೂ ಬೇರೆ ಬೇರೆ ಸ್ಲೈಡು ಬೇಕು, ಬರೆಯುವ ರೀತಿಯೂ ಬೇರೆ ಇರಬೇಕು.

ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ತಂಡವೊಂದು 2025ರ ಜನವರಿಯಲ್ಲಿ ರೋಡ್‌ಮ್ಯಾಪ್ ತೋರಿಸುತ್ತಿದೆ ಎಂದುಕೊಳ್ಳಿ. ಆ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು 10 ಕೋಟಿ ಅಥವಾ ಅದಕ್ಕೂ ಹೆಚ್ಚಿರುವವರು ಇನ್‌ವಾಯ್ಸ್ ಮಾಡಿದ 30 ದಿನದೊಳಗೆ ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಏರಿಸಬೇಕಿತ್ತು. ತಡವಾದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಗಡುವು ಹತ್ತಿರವಾದಾಗ ಎಚ್ಚರಿಸುವ ಸೌಲಭ್ಯ ಮೊದಲ ಸ್ಲೈಡಿಗೆ, ಅಂದರೆ ಮಾತು ಕೊಟ್ಟದ್ದರ ಸ್ಲೈಡಿಗೆ, ಸೇರುತ್ತದೆ. ಆದರೆ ಕಾನೂನಿನ ತಾರೀಖು ಇದೆ ಎಂದ ಮಾತ್ರಕ್ಕೆ ಅಲ್ಲ. ವಿನ್ಯಾಸ ಒಪ್ಪಿಗೆಯಾಗಿರಬೇಕು, ಕೆಲಸ ಮಾಡುವವರ ಹೆಸರು ಗೊತ್ತಿರಬೇಕು, ಬೇರೆ ತಂಡದಿಂದ ಬರಬೇಕಾದದ್ದಕ್ಕೆ ಆ ತಂಡವೇ ಹೂಂ ಎಂದಿರಬೇಕು. ಆಗ 'ಮಾರ್ಚ್ 15ರೊಳಗೆ ಎಲ್ಲ ಗ್ರಾಹಕರಿಗೂ' ಎಂದು ಬರೆಯಬಹುದು. ತಂಡದ ಪೂರ್ತಿ ಸಮಯವನ್ನು ಈ ಸ್ಲೈಡಿಗೇ ಬರೆದುಕೊಡಬೇಡಿ. ಗ್ರಾಹಕರ ದೂರುಗಳು ರೋಡ್‌ಮ್ಯಾಪ್ ನೋಡಿ ಬರುವುದಿಲ್ಲ.

ಅದೇ ತಂಡಕ್ಕೆ ಇನ್ನೊಂದು ಆಸೆ: ಬಿಲ್ಲುಗಳ ಆಧಾರದ ಮೇಲೆ ಅಂಗಡಿಯವರಿಗೆ ಸಾಲ ಕೊಡಿಸುವುದು. ಬ್ಯಾಂಕಿನ ಜೊತೆ ಮಾತುಕತೆಯೇ ಆಗಿಲ್ಲ. ಇದನ್ನು 'ಅಕ್ಟೋಬರ್–ಡಿಸೆಂಬರ್' ಎಂದು ಬರೆದರೆ ಕೇಳುವವರ ತಲೆಯಲ್ಲಿ ಅದು ಅಕ್ಟೋಬರ್ 1 ಆಗುತ್ತದೆ. ಎರಡನೇ ಸ್ಲೈಡಿನಲ್ಲಿ ತಿಂಗಳೂ ಬೇಡ, ತ್ರೈಮಾಸಿಕವೂ ಬೇಡ. ಸಮಸ್ಯೆ, ಇನ್ನೂ ಉತ್ತರ ಸಿಗದ ಪ್ರಶ್ನೆ, ಅದನ್ನು ಮತ್ತೆ ಎಂದು ಪರಿಶೀಲಿಸುತ್ತೀರಿ, ಇಷ್ಟು ಸಾಕು: 'ಅಂಗಡಿಯವರು ಬಿಲ್ ಮಾಹಿತಿಯನ್ನು ಬ್ಯಾಂಕಿಗೆ ಕೊಡಲು ಒಪ್ಪುತ್ತಾರೆಯೇ? ಏಪ್ರಿಲ್ ಕೊನೆಗೆ ನಿರ್ಧಾರ.' ಇಲ್ಲಿ ತಾರೀಖು ಇರುವುದು ನಿರ್ಧಾರಕ್ಕೆ, ಬಿಡುಗಡೆಗೆ ಅಲ್ಲ. 'ಬದಲಾಗಬಹುದು' ಎಂಬ ಸಾಲನ್ನು ಈ ಸ್ಲೈಡಿನ ಶೀರ್ಷಿಕೆಯಲ್ಲೇ ಹಾಕಿ. ಕೊನೆಯ ಪುಟದ ಸಣ್ಣಕ್ಷರ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ.

ಸೇಲ್ಸ್‌ನವರು ಗೊಣಗುತ್ತಾರೆ, ತಿಂಗಳು ಹೇಳದೆ ಮಾರುವುದು ಹೇಗೆ ಎಂದು. ಅವರ ಕಷ್ಟ ನಿಜ. ಆದರೆ ಇನ್ನೂ ಮಾಡದ ಸೌಲಭ್ಯವನ್ನು ಒಪ್ಪಂದದಲ್ಲಿ ಬರೆದುಕೊಟ್ಟರೆ ಲೆಕ್ಕಪತ್ರಕ್ಕೂ ಪೆಟ್ಟು ಬೀಳಬಹುದು. ಭಾರತದಲ್ಲಿ ಆದಾಯವನ್ನು ಯಾವಾಗ ತೋರಿಸಬೇಕೆಂದು ಹೇಳುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115 ಅನ್ವಯಿಸುವ ಕಂಪನಿಗಳಲ್ಲಿ ಅಂಥ ಭರವಸೆ ಪ್ರತ್ಯೇಕ ಬಾಧ್ಯತೆಯಾಗಿ, ಅದರ ಪಾಲಿನ ಆದಾಯವನ್ನು ಸೌಲಭ್ಯ ಕೊಡುವವರೆಗೆ ತೋರಿಸಲಾಗದೆ ಹೋಗಬಹುದು. ಗ್ರಾಹಕರಿಗೆ ಹೋಗುವ ಪ್ರತಿಯನ್ನು ನಾನು ಹಣಕಾಸು ವಿಭಾಗದವರಿಗೆ ಮೊದಲೇ ತೋರಿಸುವುದು ಇದಕ್ಕೇ.

ಸಭೆಯ ನಡಾವಳಿ ಬಂದಾಗ ಎರಡನೇ ಸ್ಲೈಡಿನ ವಿಷಯಗಳ ಪಕ್ಕ ಯಾರಾದರೂ ತಿಂಗಳು ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ ಅದೇ ದಿನ ಉತ್ತರಿಸಿ ತಿದ್ದಿಸಿ. ವಾರ ಬಿಟ್ಟರೆ ಅದು ನೀವು ಕೊಟ್ಟ ಮಾತಾಗಿರುತ್ತದೆ.