ಇಂಟಿಮೇಟ್ ವಾಶ್ ನಿಜಕ್ಕೂ ಬೇಕೆ?

ಮೆಡಿಕಲ್ ಶಾಪಿಗೆ ಹೋದರೆ ಸ್ಯಾನಿಟರಿ ಪ್ಯಾಡುಗಳ ಪಕ್ಕದಲ್ಲೇ ಜನನಾಂಗ ತೊಳೆಯಲೆಂದು ಮಾರುವ ಇಂಟಿಮೇಟ್ ವಾಶ್ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಒಂದನ್ನು ಎತ್ತಿಕೊಂಡು ಹಿಂಬದಿ ಓದಿ ನೋಡಿ. ನೀರು, ನೊರೆ ಬರಿಸುವ ಪದಾರ್ಥ, ಲ್ಯಾಕ್ಟಿಕ್ ಆಮ್ಲ, ದ್ರವ ಕೆಡದಂತೆ ಕಾಯುವ ರಾಸಾಯನಿಕ, ಜೊತೆಗೆ ಸುಗಂಧ. ಬ್ರ್ಯಾಂಡ್ ಯಾವುದಾದರೂ ಹೂರಣ ಹೆಚ್ಚುಕಡಿಮೆ ಇದೇ. ಮುಂಬದಿಯಲ್ಲಿ ‘ಪಿಎಚ್ 3.5’ ಎಂದೋ ‘ಪಿಎಚ್ ಸಮತೋಲನ’ ಎಂದೋ ದಪ್ಪಕ್ಷರದಲ್ಲಿ ಇರುತ್ತದೆ. ವಿಜ್ಞಾನದ ಮಾತಿನಂತೆ ಕೇಳಿಸುವುದರಿಂದ ಎಷ್ಟೋ ಹೆಣ್ಣುಮಕ್ಕಳು ಅದನ್ನು ನಂಬಿ ಕೊಳ್ಳುತ್ತಾರೆ. ಹಾಗಾಗಿ ಆ ಸಂಖ್ಯೆಯಿಂದಲೇ ಶುರುಮಾಡೋಣ. ಪಿಎಚ್ ಎಂದರೆ ಹುಳಿ, ಕ್ಷಾರದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು.

ಹೆಣ್ಣಿನ ಜನನಾಂಗದಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ. ಹೊರಗೆ ಕಾಣುವ ತುಟಿಗಳು ಮತ್ತು ಸುತ್ತಲಿನ ಚರ್ಮ ಒಂದು. ಅಲ್ಲಿಂದ ಒಳಕ್ಕೆ ಗರ್ಭಕೋಶದ ಬಾಯಿಯವರೆಗೆ ಹೋಗುವ ಯೋನಿ ಇನ್ನೊಂದು. ಮುಟ್ಟು ಶುರುವಾದಂದಿನಿಂದ ನಿಲ್ಲುವವರೆಗಿನ ವಯಸ್ಸಿನಲ್ಲಿ ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ. ಈ ಹುಳಿಯನ್ನು ತಯಾರಿಸುವುದು ಅಲ್ಲೇ ನೆಲೆಸಿರುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ. 1892ರಲ್ಲೇ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಇವುಗಳನ್ನು ವಿವರಿಸಿದ್ದ. ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳು ಗ್ಲೈಕೊಜೆನ್ ಎಂಬ ಪಿಷ್ಟವನ್ನು ತುಂಬಿಕೊಳ್ಳುತ್ತವೆ. ಕೋಶಗಳು ಉದುರಿದಾಗ ಆ ಪಿಷ್ಟ ಒಡೆದು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲನ್ನು ಮೊಸರು ಮಾಡುವುದು ಇದೇ ಕುಲದ ಬಂಧುಗಳು. ಆ ಹುಳಿಯಲ್ಲಿ ರೋಗ ತರುವ ಬಹುತೇಕ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಉದುರಿದ ಕೋಶಗಳೂ ಲೋಳೆಯೂ ಸೇರಿ ತೆಳುವಾದ ಬಿಳಿ ಸ್ರಾವವಾಗಿ ಹೊರಬರುತ್ತವೆ. ಒಳಗಿನ ಶುಚಿ ನಡೆಯುವುದೇ ಹೀಗೆ, ಪ್ರತಿದಿನ, ತಂತಾನೆ.

ಬಾಟಲಿಯ ಮೇಲಿನ ಪಿಎಚ್ ಈ ಒಳಗಿನ ಜಾಗವನ್ನು ನೆನಪಿಸುತ್ತದೆ. ಆದರೆ ಬಾಟಲಿಯ ದ್ರವವನ್ನು ಹಚ್ಚಬೇಕಾದ್ದು ಹೊರಗೆ, ಅದೂ ಒಂದೆರಡು ನಿಮಿಷದಲ್ಲಿ ನೀರಿನಲ್ಲಿ ತೊಳೆದುಹೋಗುತ್ತದೆ. ಒಳಗಿನ ಬ್ಯಾಕ್ಟೀರಿಯಾಗಳಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ. ಒಳಕ್ಕೆ ಹಾಕಿ ತೊಳೆದರೆ ಇನ್ನೂ ಕೆಟ್ಟದ್ದು, ನೊರೆ ಬರಿಸುವ ಪದಾರ್ಥ ಆ ಬ್ಯಾಕ್ಟೀರಿಯಾಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ನೆಲ ತೊಳೆಯುವ ಲೈಸಾಲನ್ನೇ ‘ಸ್ತ್ರೀ ಶುಚಿತ್ವ’ಕ್ಕೆಂದು ಜಾಹೀರಾತು ಕೊಟ್ಟು ಮಾರಿದ್ದರು. ಅದನ್ನು ಬಳಸಿ ಸುಟ್ಟಗಾಯ ಮಾಡಿಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಇಂದಿನ ಬಾಟಲಿ ಅಷ್ಟು ಘೋರವಲ್ಲ. ಆದರೂ ಹೆಣ್ಣಿನ ದೇಹ ಸಹಜವಾಗಿಯೇ ಕೊಳಕು ಎಂಬ ಹೆದರಿಕೆಯನ್ನು ಮಾರುವ ಚಾಳಿ ಹಾಗೇ ಮುಂದುವರಿದಿದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಈ ಹೆದರಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ ಸ್ತ್ರೀರೋಗ ತಜ್ಞರ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಬಗೆಯನ್ನು ನೋಡೋಣ. ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಮುಟ್ಟು ಮುಗಿದ ಮೇಲೆ, ಗಂಡನ ಜೊತೆ ಕೂಡಿದ ಮೇಲೆ, ಮೀನಿನಂಥ ವಾಸನೆ. ತುರಿಕೆ ಅಷ್ಟಾಗಿ ಇಲ್ಲ. ನಾಚಿಕೆಯಿಂದ ಯಾರಿಗೂ ಹೇಳದೆ ವಾಶ್ ತಂದು ದಿನಕ್ಕೆರಡು ಸಲ ತೊಳೆಯುತ್ತಾರೆ. ಸುಗಂಧದಿಂದ ವಾಸನೆ ಕೆಲವು ಗಂಟೆ ಮುಚ್ಚಿಹೋಗಿ ಮತ್ತೆ ಬರುತ್ತದೆ. ಆಮೇಲೆ ಬೆರಳು ಹಾಕಿ ಒಳಗೂ ತೊಳೆಯುತ್ತಾರೆ. ವಾಸನೆ ಇನ್ನೂ ಹೆಚ್ಚುತ್ತದೆ, ಹೊರಚರ್ಮ ಉರಿಯತೊಡಗುತ್ತದೆ.

ಕೊನೆಗೆ ವೈದ್ಯರ ಬಳಿ ಹೋದಾಗ ಪರೀಕ್ಷೆಗೆ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಸ್ರಾವ ತೆಳುವಾಗಿ, ಬೂದುಬಿಳಿಯಾಗಿ ಯೋನಿಯ ಗೋಡೆಗೆ ಹರಡಿಕೊಂಡಿರುತ್ತದೆ. ಪಿಎಚ್ ಕಾಗದ 4.5ಕ್ಕಿಂತ ಮೇಲೆ ತೋರಿಸುತ್ತದೆ. ಒಂದು ತೊಟ್ಟು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರ ಹಾಕಿದರೆ ಮೀನಿನ ವಾಸನೆ ಭಗ್ಗನೆ ಏಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚು ಮಸುಕಾದ ಕೋಶಗಳು ಕಾಣುತ್ತವೆ. ಈ ನಾಲ್ಕು ಲಕ್ಷಣಗಳಲ್ಲಿ ಮೂರು ಇದ್ದರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್. ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಂಡ ಸ್ಥಿತಿ. ಅವು ಹೊರಬಿಡುವ ಅಮೀನ್ ಎಂಬ ರಾಸಾಯನಿಕಗಳಿಂದಲೇ ಆ ವಾಸನೆ. ರಕ್ತವೂ ವೀರ್ಯವೂ ಕ್ಷಾರದ ಕಡೆಯವಾದ್ದರಿಂದ ಮುಟ್ಟಿನ ಹೊತ್ತಿಗೆ, ಸಂಭೋಗದ ನಂತರ ಅದು ಹೆಚ್ಚಾಗಿ ಏಳುತ್ತದೆ. ಒಳಗೆ ತೊಳೆಯುವ ರೂಢಿ ಇರುವವರಲ್ಲಿ ಈ ಸಮಸ್ಯೆ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಇದಕ್ಕೆ ಔಷಧ ಇದೆ, ಮೆಟ್ರೊನಿಡಜೋಲ್ ಮಾತ್ರೆ, ಸಾಮಾನ್ಯವಾಗಿ ಏಳು ದಿನ. ಮುಗಿದ ಮೇಲೂ ಅನೇಕರಲ್ಲಿ ವರ್ಷದೊಳಗೆ ಮರುಕಳಿಸುತ್ತದೆ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಗಂಡಸಂಗಾತಿಗೂ ಮಾತ್ರೆ ಮತ್ತು ಕ್ರೀಮ್ ಕೊಟ್ಟಾಗ ಮೂರು ತಿಂಗಳಲ್ಲಿ ಮರುಕಳಿಸಿದ್ದು ಸುಮಾರು 35 ಪ್ರತಿಶತ ಹೆಂಗಸರಲ್ಲಿ. ಹೆಂಗಸಿಗೆ ಮಾತ್ರ ಕೊಟ್ಟಾಗ ಅದು 63 ಪ್ರತಿಶತ. ತಾನು ಸರಿಯಾಗಿ ತೊಳೆದುಕೊಳ್ಳಲಿಲ್ಲ ಎಂದು ಕೊರಗುತ್ತಾ ಕೂತವಳಿಗೆ ಈ ಒಂದು ಸಂಗತಿಯನ್ನಾದರೂ ಹೇಳಬೇಕು.

ಹಾಗಾದರೆ ತೊಳೆಯುವುದು ಹೇಗೆ? ದಿನಕ್ಕೊಮ್ಮೆ ಸ್ನಾನದಲ್ಲಿ, ಬರಿಗೈಯಿಂದ, ಉಗುರುಬೆಚ್ಚಗಿನ ನೀರು ಹಾಕಿ ಹೊರಭಾಗ ಮಾತ್ರ. ತುಟಿಗಳ ಮಡಿಕೆಯನ್ನು ಮೆಲ್ಲಗೆ ಬಿಡಿಸಿ ನೀರು ಹರಿಸಿದರೆ ಸಾಕು, ಉಜ್ಜುವ ನಾರು ಬೇಡ. ಕೈ ಮುಂದಿನಿಂದ ಹಿಂದಕ್ಕೆ ಸಾಗಬೇಕು. ಮಲದ್ವಾರದ ಬ್ಯಾಕ್ಟೀರಿಯಾ ಮುಂದಕ್ಕೆ ಬಂದರೆ ಮೂತ್ರದ ಸೋಂಕು ಬರಬಹುದು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10, ಅದು ತೊಡೆಸಂದಿಗೆ ಸಾಕು, ಒಳತುಟಿಗಳಿಗೆ ಬೇಡ. ಬರೀ ನೀರಿನಿಂದ ಚರ್ಮ ಒಣಗಿ ಬಿರಿಯುವವರು ಸುಗಂಧವಿಲ್ಲದ, ಚರ್ಮ ಮೆದುವಾಗಿಸುವ ಸೋಪ್ ಬದಲಿಯನ್ನು ಹೊರಗೆ ಹಚ್ಚಬಹುದು. ವಾಶ್ ಇಷ್ಟಪಟ್ಟು ಬಳಸುವವರಿಗೂ ಇದೇ ಮಿತಿ: ಹೊರಗೆ ಮಾತ್ರ, ಸುಗಂಧ ಇಲ್ಲದ್ದು, ಉರಿ ಬಂದರೆ ಅಂದೇ ನಿಲ್ಲಿಸುವುದು. ಬಿಸಿನೀರಿಗೆ ಆಂಟಿಸೆಪ್ಟಿಕ್ ಬೆರೆಸುವ ಅಭ್ಯಾಸ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ, ಅದನ್ನು ಬಿಡುವುದೇ ಒಳ್ಳೆಯದು. ತೊಳೆದ ಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಹತ್ತಿಯ ಒಳಉಡುಪು ಹಾಕಿ, ಬೆವರಿ ಒದ್ದೆಯಾದರೆ ಬದಲಿಸಿ. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ಒಳಗಿನ ಬಿಳಿ ಲೇಪವನ್ನು ನೀರಿನಲ್ಲಿ ತೊಳೆದು ಮತ್ತೆ ಮುಂದಕ್ಕೆ ಎಳೆದುಕೊಳ್ಳಬೇಕು. ಗಂಡುಮಗುವಿನ ತೊಗಲು ತಾನಾಗಿ ಸಡಿಲವಾಗುವ ಮೊದಲು ಬಲವಂತವಾಗಿ ಎಳೆಯಬಾರದು, ಹರಿದು ಗಾಯವಾಗುತ್ತದೆ.

ಬಿಳಿ ಸ್ರಾವ ಮೊಸರಿನ ಗಟ್ಟಿಯಂತೆ ಬಂದು ತಡೆಯಲಾರದ ತುರಿಕೆ ಇದ್ದರೆ ಬಹುಶಃ ಶಿಲೀಂಧ್ರ. ಹಸಿರು ಹಳದಿಯಾಗಿ ನೊರೆಯಾಡಿದರೆ ಟ್ರೈಕೊಮೋನಾಸ್ ಎಂಬ ಪರಾವಲಂಬಿ ಜೀವಿ ಇರಬಹುದು. ವಜೈನೋಸಿಸ್, ಶಿಲೀಂಧ್ರ, ಟ್ರೈಕೊಮೋನಾಸ್ ಮೂರಕ್ಕೂ ಒಂದೇ ಔಷಧಿ ಸಾಲದು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮ್ ತುರಿಕೆಯನ್ನು ಎರಡು ದಿನ ಅಡಗಿಸಿ ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ. ಶಿಲೀಂಧ್ರದ ಸೋಂಕು ಪದೇ ಪದೇ ಬಂದರೆ ರಕ್ತದ ಸಕ್ಕರೆ ನೋಡಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಗಂಡಸರಿಗೂ ಹೆಂಗಸರಿಗೂ ಈ ತುರಿಕೆ ತರಬಲ್ಲವು. ಅವನ್ನು ನುಂಗುತ್ತಿರುವವರು ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳಲಿ, ತುರಿಕೆ ಶುರುವಾದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಲಿ.